ಗಂಟೆಗೆ ಎಷ್ಟು ಜನ ಬೇಕು? ಕೋಪನ್‌ಹೇಗನ್‌ನಿಂದ ನ್ಯೂಯಾರ್ಕ್ ಟೋಲ್ ಬೂತ್ ತನಕ ಬಂದ ಒಂದು ಲೆಕ್ಕ

ಈ ಸಲ ಒಂದು ಸಣ್ಣ ಪ್ರಶ್ನೆಯ ಇತಿಹಾಸ ಹೇಳ್ತೀನಿ. ಬೆಳಿಗ್ಗೆ ಎಂಟು ಗಂಟೆ, ತಿಂಡಿ ಕೌಂಟರ್ ಮುಂದೆ ಕ್ಯೂ ಬಾಗಿಲು ದಾಟಿದೆ, ಒಳಗೆ ಇರೋದು ಮೂರೇ ಜನ. ಅದೇ ಹೋಟೆಲ್‌ಗೆ ಹನ್ನೊಂದು ಗಂಟೆಗೆ ಹೋಗಿ, ಅದೇ ಮೂವರು ಮೊಬೈಲ್ ನೋಡ್ತಾ ಕೂತಿರ್ತಾರೆ. ಯಾವ ಗಂಟೆಗೆ ಎಷ್ಟು ಜನ ಇದ್ದರೆ ಸರಿ? ಮಾಲೀಕರು ಅನುಭವದಿಂದ ಅಂದಾಜು ಮಾಡ್ತಾರೆ. ಆದರೆ ಇದಕ್ಕೊಂದು ಲೆಕ್ಕ ಇದೆ, ಅದು ಹುಟ್ಟಿ ನೂರು ವರ್ಷದ ಮೇಲಾಯ್ತು. ಹುಟ್ಟಿದ್ದು ಅಂಗಡಿಯಲ್ಲಲ್ಲ, ಟೆಲಿಫೋನ್ ಕಂಪನಿಯಲ್ಲಿ.

ಆಗ್ನರ್ ಕ್ರಾರುಪ್ ಎರ್ಲಾಂಗ್ ಡೆನ್ಮಾರ್ಕ್‌ನವರು, ಹುಟ್ಟಿದ್ದು 1878ರಲ್ಲಿ. ಗಣಿತ ಓದಿ ಶಾಲಾ ಮೇಷ್ಟ್ರಾಗಿದ್ದವರು. ಕೋಪನ್‌ಹೇಗನ್ ಟೆಲಿಫೋನ್ ಕಂಪನಿಯಲ್ಲಿ ಯೋಹಾನ್ ಯೆನ್ಸೆನ್ ಅನ್ನೋ ಎಂಜಿನಿಯರ್ ಇದ್ದರು (ಮೆಷಿನ್ ಲರ್ನಿಂಗ್ ಓದಿದವರಿಗೆ ಗೊತ್ತಿರುವ ‘ಜೆನ್ಸನ್ ಅಸಮಾನತೆ’ ಇವರದ್ದೇ). ಅವರ ಮೂಲಕ 1908ರಲ್ಲಿ ಎರ್ಲಾಂಗ್ ಕಂಪನಿ ಸೇರಿದರು. ಆಗ ಕರೆ ಮಾಡಿದರೆ ಎಕ್ಸ್‌ಚೇಂಜ್‌ನಲ್ಲಿ ಕೂತ ಆಪರೇಟರ್ ಕೈಯಿಂದ ತಂತಿ ಚುಚ್ಚಿ ಸಂಪರ್ಕ ಕೊಡಬೇಕಿತ್ತು. ಆಪರೇಟರ್ ಕಡಿಮೆಯಾದರೆ ಗಿರಾಕಿ ಕಾಯ್ತಾರೆ, ಜಾಸ್ತಿಯಾದರೆ ಸಂಬಳ ದಂಡ. ಎರ್ಲಾಂಗ್ ಮುಂದೆ ಬಂದದ್ದು ನಮ್ಮ ತಿಂಡಿ ಕೌಂಟರಿನ ಪ್ರಶ್ನೆಯೇ.

1909ರಲ್ಲಿ ಅವರು ಮೊದಲ ಲೇಖನ ಪ್ರಕಟಿಸಿದರು. ಕರೆಗಳು ಒಂದಕ್ಕೊಂದು ಸಂಬಂಧವಿಲ್ಲದೆ ಬಂದರೆ ಅವು ಪಾಯ್ಸಾನ್ ಹಂಚಿಕೆಯ ಪ್ರಕಾರ ಬರ್ತವೆ ಅಂತ ತೋರಿಸಿದರು. ಇದರ ಅರ್ಥ ಸರಳ. ಗಂಟೆಗೆ 60 ಜನ ಬರ್ತಾರೆ ಅಂದರೆ ನಿಮಿಷಕ್ಕೊಬ್ಬರು ಅಂತಲ್ಲ. ಆ 60 ನಿಮಿಷಗಳಲ್ಲಿ ಸುಮಾರು 22 ನಿಮಿಷ ಯಾರೂ ಬರೋದೇ ಇಲ್ಲ, ಸುಮಾರು 5 ನಿಮಿಷಗಳಲ್ಲಿ ಮೂರು ಅಥವಾ ಅದಕ್ಕಿಂತ ಹೆಚ್ಚು ಜನ ಒಟ್ಟಿಗೆ ಬಂದು ನಿಲ್ತಾರೆ. ಯಾರ ತಪ್ಪೂ ಇಲ್ಲದೆ ಕ್ಯೂ ಆಗುವುದು ಹೀಗೆ.

1917ರಲ್ಲಿ ಬಂದದ್ದು ಇನ್ನೊಂದು ಲೇಖನ. ಇಂತಿಷ್ಟು ಕೆಲಸ, ಇಂತಿಷ್ಟು ಜನ ಇದ್ದರೆ ಎಷ್ಟು ಮಂದಿ ಕಾಯಬೇಕಾಗುತ್ತೆ ಅನ್ನೋ ಸೂತ್ರ ಅದರಲ್ಲಿತ್ತು. ಇವತ್ತು ಕಾಲ್ ಸೆಂಟರ್‌ಗಳಲ್ಲಿ ‘ಎರ್ಲಾಂಗ್ ಸಿ’ ಅಂತಾರಲ್ಲ, ಅದೇ. ಕೆಲಸದ ಹೊರೆಯ ಅಳತೆಗೂ ಆಮೇಲೆ ಅವರ ಹೆಸರನ್ನೇ ಇಟ್ಟರು.

ನಮ್ಮ ಕೌಂಟರಿಗೆ ಹಾಕಿ ನೋಡೋಣ. ಎಂಟರಿಂದ ಒಂಬತ್ತರ ನಡುವೆ 60 ಗಿರಾಕಿಗಳು, ಒಬ್ಬೊಬ್ಬರಿಗೆ ಸರಾಸರಿ 3 ನಿಮಿಷ ಬೇಕು ಅಂತಿಟ್ಟುಕೊಳ್ಳಿ. ಒಟ್ಟು 180 ನಿಮಿಷದ ಕೆಲಸ 60 ನಿಮಿಷದಲ್ಲಿ ಆಗಬೇಕು. ಅಂದರೆ 3 ಎರ್ಲಾಂಗ್ ಹೊರೆ. ಹಾಗಾದರೆ ಮೂರು ಜನ ಸಾಕಲ್ವಾ? ಎಲ್ಲರೂ ಮಾಡೋ ತಪ್ಪು ಇದೇ. ಮೂರು ಜನರಿಗೆ ಮೂರು ಎರ್ಲಾಂಗ್ ಕೆಲಸ ಕೊಟ್ಟರೆ ಖಾಲಿ ಹೋದ ನಿಮಿಷ ವಾಪಸ್ ಸಿಗಲ್ಲ, ತುಂಬಿ ಬಂದ ನಿಮಿಷದ ಬಾಕಿ ತೀರಲ್ಲ, ಕ್ಯೂ ಬೆಳೀತಾನೇ ಹೋಗುತ್ತೆ. ಕೋಡ್ ಬರೆಯುವವರಿಗೆ ಸೂತ್ರ ಇಷ್ಟೇ, `c` ಅಂದರೆ ಸಿಬ್ಬಂದಿ, `a` ಅಂದರೆ ಹೊರೆ. `c` ಯಾವಾಗಲೂ `a`ಗಿಂತ ಹೆಚ್ಚಿರಬೇಕು:

```python
def erlang_c(c, a):
    b = 1.0
    for k in range(1, c + 1):
        b = a * b / (k + a * b)
    return c * b / (c - a * (1 - b))
```

`erlang_c(4, 3)` ಅಂದರೆ 0.51 ಬರುತ್ತೆ. ನಾಲ್ಕು ಜನರಿದ್ದರೆ ಅರ್ಧಕ್ಕರ್ಧ ಗಿರಾಕಿಗಳು ಕಾಯ್ತಾರೆ, ಎಲ್ಲರನ್ನೂ ಸೇರಿಸಿದ ಸರಾಸರಿ ಕಾಯುವಿಕೆ ಒಂದೂವರೆ ನಿಮಿಷ. ಐದನೆಯವರನ್ನು ಹಾಕಿದರೆ ಕಾಯುವವರು ಶೇ. 24ಕ್ಕೆ ಇಳೀತಾರೆ, ಸರಾಸರಿ 21 ಸೆಕೆಂಡ್. ಒಬ್ಬರೇ ಒಬ್ಬರು ಜಾಸ್ತಿ, ವ್ಯತ್ಯಾಸ ನಾಲ್ಕು ಪಟ್ಟಿಗಿಂತ ಹೆಚ್ಚು. ಹಾಗಂತ ಹೊರೆ ನಾಲ್ಕು ಪಟ್ಟಾಗಿ 12 ಎರ್ಲಾಂಗ್ ಆದರೆ 20 ಜನ ಬೇಕು ಅಂತಲ್ಲ. 16 ಜನ ಸಾಕು, ಕಾಯುವವರು ಸುಮಾರು ಶೇ. 20 ಮಾತ್ರ. ಹೊರೆಯ ಮೇಲೆ ಇಡಬೇಕಾದ ಹೆಚ್ಚುವರಿ ಜನ ಹೊರೆಯ ವರ್ಗಮೂಲದ ಜೊತೆ ಬೆಳೆಯುತ್ತೆ, ಹೊರೆಯ ಜೊತೆಗಲ್ಲ. ದೊಡ್ಡ ಸೂಪರ್ ಮಾರ್ಕೆಟ್‌ಗೆ ಪುಟ್ಟ ಅಂಗಡಿಗಿಂತ ಕಡಿಮೆ ಕಷ್ಟ ಯಾಕೆ ಅನ್ನೋದಕ್ಕೆ ಒಂದು ಕಾರಣ ಇದು.

ಇಲ್ಲಿಗೆ ಒಂದು ಗಂಟೆಯ ಲೆಕ್ಕ ಆಯ್ತು. ಇಡೀ ದಿನದ ಲೆಕ್ಕಕ್ಕೆ 1954ಕ್ಕೆ ಬರಬೇಕು, ನ್ಯೂಯಾರ್ಕ್‌ಗೆ.

ಅಲ್ಲಿನ ಪೋರ್ಟ್ ಅಥಾರಿಟಿಯ ಕೈಯಲ್ಲಿ ಜಾರ್ಜ್ ವಾಷಿಂಗ್ಟನ್ ಸೇತುವೆ, ಲಿಂಕನ್ ಸುರಂಗ ಎಲ್ಲ ಇದ್ದವು. ದಾಟುವ ಗಾಡಿಗಳಿಂದ ಟೋಲ್ ತೆಗೆದುಕೊಳ್ಳೋಕೆ ಬೂತುಗಳಲ್ಲಿ ಜನ ಕೂರ್ತಿದ್ದರು. ಅಲ್ಲಿ ಕೆಲಸ ಮಾಡುತ್ತಿದ್ದ ಲೆಸ್ಲಿ ಈಡಿ ಇದನ್ನು ಅಧ್ಯಯನಕ್ಕೆ ತಗೊಂಡರು. ಬೂತಿನ ಹತ್ತಿರ ಗಾಡಿಗಳು ಎಷ್ಟೆಷ್ಟು ಬರ್ತವೆ, ಹಿಂದೆ ಎಷ್ಟು ನಿಂತಿವೆ, ಒಂದೊಂದು ಗಾಡಿಗೆ ಎಷ್ಟು ಸೆಕೆಂಡ್ ಹಿಡಿಯುತ್ತೆ ಅಂತ ಅಳೆಸಿದರು. ದಟ್ಟಣೆ ಕಡಿಮೆ ಇದ್ದಾಗ ಗಾಡಿಗಳು ಪಾಯ್ಸಾನ್ ಲೆಕ್ಕಕ್ಕೆ ಚೆನ್ನಾಗಿ ಹೊಂದುತ್ತಿದ್ದವು. ದಟ್ಟಣೆ ಏರಿದ ಹಾಗೆ ಹೊಂದಾಣಿಕೆ ಕೆಡುತ್ತಿತ್ತು. ಆದ್ದರಿಂದ ಈಡಿ ಸೂತ್ರವನ್ನೇ ಪೂರ್ತಿ ನಂಬದೆ ಅಳತೆಗಳನ್ನೂ ಬಳಸಿದರು. ಅವರ ಬಗ್ಗೆ ನನಗೆ ಗೌರವ ಬಂದದ್ದು ಇಲ್ಲೇ.

ಇನ್ನೊಂದು ವಿಷಯವನ್ನೂ ಅವರು ಬಿಡಲಿಲ್ಲ. ಬೂತಿನಲ್ಲಿ ಕೂತವರಿಗೆ ಊಟ ಬೇಕು, ಮಧ್ಯೆ ಎದ್ದು ಹೋಗೋಕೆ ಬಿಡುವು ಬೇಕು. ಅದು ಮೊದಲೇ ವೇಳಾಪಟ್ಟಿಯೊಳಗೆ ಕೂರಬೇಕು, ಆಮೇಲೆ ನೋಡೋಣ ಅಂದರೆ ಆಗಲ್ಲ. ಆ ವರ್ಷ ಅವರ ಲೇಖನ ‘ಟ್ರಾಫಿಕ್ ಡಿಲೇಸ್ ಅಟ್ ಟೋಲ್ ಬೂತ್ಸ್’ ಅಮೆರಿಕದ ಆಪರೇಷನ್ಸ್ ರಿಸರ್ಚ್ ಸಂಘದ ಪತ್ರಿಕೆಯಲ್ಲಿ ಬಂತು, ಮೊದಲ ಲ್ಯಾಂಚೆಸ್ಟರ್ ಬಹುಮಾನವೂ ಸಿಕ್ಕಿತು.

ಅದೇ ವರ್ಷ ಅದೇ ಪತ್ರಿಕೆಯಲ್ಲಿ ಅದಕ್ಕೊಂದು ಮೂರು ಪುಟದ ಪ್ರತಿಕ್ರಿಯೆ ಬಂತು. ಬರೆದವರು ಜಾರ್ಜ್ ಡ್ಯಾಂಟ್ಜಿಗ್, ಸಿಂಪ್ಲೆಕ್ಸ್ ವಿಧಾನ ಕಂಡುಹಿಡಿದವರು. ಅವರು ಹೇಳಿದ್ದು ಇಷ್ಟು: ಗಂಟೆಗೆಷ್ಟು ಜನ ಅನ್ನೋದು ಗೊತ್ತಾದ ಮೇಲೆ, ಶಿಫ್ಟುಗಳನ್ನು ಹೇಗೆ ಹೊಂದಿಸಿದರೆ ಅತಿ ಕಡಿಮೆ ಜನ ಸಾಕು ಅನ್ನೋದನ್ನು ಲೀನಿಯರ್ ಪ್ರೋಗ್ರಾಮಿಂಗ್ ಸಮಸ್ಯೆಯಾಗಿ ಬರೀಬಹುದು. ಇವತ್ತಿನ ರೋಸ್ಟರ್ ಸಾಫ್ಟ್‌ವೇರ್‌ಗಳ ಒಳಗೆ ಆ ಮೂರು ಪುಟದ ಮೊಮ್ಮಕ್ಕಳು ಇದ್ದಾರೆ.

ಇದು ಯಾಕೆ ಪ್ರತ್ಯೇಕ ಸಮಸ್ಯೆ ಅಂತ ನಮ್ಮ ಹೋಟೆಲ್‌ನಲ್ಲೇ ನೋಡಿ. ಎರ್ಲಾಂಗ್ ಲೆಕ್ಕ ಹಾಕಿದಾಗ ಬೆಳಿಗ್ಗೆ ಏಳರಿಂದ ಮಧ್ಯಾಹ್ನ ಮೂರರ ತನಕ ಗಂಟೆಗಂಟೆಗೆ ಬೇಕಾದವರು ಹೀಗೆ ಬಂತು ಅನ್ನೋಣ: 2, 5, 5, 3, 2, 4, 4, 2. ಕೂಡಿದರೆ 27 ಗಂಟೆಯ ಕೆಲಸ. ಒಬ್ಬರ ಶಿಫ್ಟ್ ಸತತ ನಾಲ್ಕು ಗಂಟೆ. 27ನ್ನು 4ರಿಂದ ಭಾಗಿಸಿ, ಏಳು ಜನ ಸಾಕು ಅನ್ಸುತ್ತೆ. ಆದರೆ ಏಳು ಜನರಿಂದ ಆಗಲ್ಲ. ಎಂಟರ ಗಂಟೆಯಲ್ಲಿ ಇರುವವರು ಎಷ್ಟೇ ತಡವಾಗಿ ಶುರು ಮಾಡಿದರೂ ಹನ್ನೆರಡಕ್ಕೆ ಮುಗಿಸ್ತಾರೆ. ಒಂದರಿಂದ ಎರಡರ ತನಕ ಬೇಕಾದ ನಾಲ್ವರಲ್ಲಿ ಅವರು ಇರೋಕೆ ಸಾಧ್ಯವೇ ಇಲ್ಲ. ಹಾಗಾಗಿ ಐದು ಮತ್ತು ನಾಲ್ಕು, ಕನಿಷ್ಠ ಒಂಬತ್ತು ಜನ. ಐವರು ಏಳಕ್ಕೆ, ನಾಲ್ವರು ಹನ್ನೊಂದಕ್ಕೆ ಬಂದರೆ ಎಲ್ಲಾ ಗಂಟೆಯೂ ತುಂಬುತ್ತೆ. ಸಂಬಳ 36 ಗಂಟೆಗೆ, ಕೆಲಸ 27 ಗಂಟೆಯದ್ದು. ಉಳಿದ ಒಂಬತ್ತು ಗಂಟೆ ಸೋಮಾರಿತನದಿಂದ ಬಂದದ್ದಲ್ಲ, ಶಿಫ್ಟಿನ ಆಕಾರದಿಂದ ಬಂದದ್ದು. ಹನ್ನೊಂದು ಗಂಟೆಗೆ ಮೊಬೈಲ್ ನೋಡ್ತಾ ಕೂತವರನ್ನು ಕಂಡಾಗ ನನಗೀಗ ಈ ಲೆಕ್ಕ ನೆನಪಾಗುತ್ತೆ.

ಮಾಲೀಕರಿಗೆ ಇನ್ನೊಂದು ದಾರಿ ಇದೆ: ಶಿಫ್ಟನ್ನು ಒಡೆಯೋದು. ಅದೇ ಜನ ಬೆಳಿಗ್ಗೆ ದುಡಿದು, ನಡುವೆ ಬಿಟ್ಟು, ಊಟದ ಹೊತ್ತಿಗೆ ಮತ್ತೆ ಬಂದರೆ ಐದೇ ಜನ ಸಾಕು. ಸಾಲ್ವರ್‌ಗೆ ಇದು ಬಹಳ ಇಷ್ಟ. ಆದರೆ ನಡುವಿನ ಹೊತ್ತಿಗೆ ಸಂಬಳ ಇಲ್ಲ, ಮನೆಗೆ ಹೋಗಿ ಬರೋಕೆ ಟೈಮೂ ಇಲ್ಲ. ಆ ಖರ್ಚು ಮಾಯ ಆಗಲಿಲ್ಲ, ಮಾಲೀಕರ ಶೀಟಿನಿಂದ ಕೆಲಸಗಾರರ ದಿನದೊಳಗೆ ಹೋಯ್ತು ಅಷ್ಟೆ. ಅಮೆರಿಕದಲ್ಲಿ ಇದು 2014ರಲ್ಲಿ ದೊಡ್ಡ ಸುದ್ದಿಯಾಯ್ತು. ಸ್ಟಾರ್‌ಬಕ್ಸ್ ಕೆಲಸಗಾರರೊಬ್ಬರ ದಿನಚರಿಯನ್ನು ವೇಳಾಪಟ್ಟಿ ಸಾಫ್ಟ್‌ವೇರ್ ಹೇಗೆ ಕಲಕಿಬಿಟ್ಟಿತ್ತು ಅಂತ ನ್ಯೂಯಾರ್ಕ್ ಟೈಮ್ಸ್ ಬರೆಯಿತು. ರಾತ್ರಿ ಅಂಗಡಿ ಮುಚ್ಚಿದವರೇ ಬೆಳಿಗ್ಗೆ ಬಂದು ತೆರೆಯುವ ಪದ್ಧತಿ ನಿಲ್ಲಿಸ್ತೀವಿ ಅಂತ ಕಂಪನಿ ಹೇಳಿತು. ಅದೇ ವರ್ಷ ಸ್ಯಾನ್ ಫ್ರಾನ್ಸಿಸ್ಕೋ ನಗರ, ದೊಡ್ಡ ಸರಣಿ ಅಂಗಡಿಗಳು ಎರಡು ವಾರ ಮೊದಲೇ ವೇಳಾಪಟ್ಟಿ ಕೊಡಬೇಕು ಅಂತ ಕಾನೂನು ಮಾಡಿತು. ಎರಡು ವಾರ ಅನ್ನೋದೂ ಸಾಲ್ವರ್‌ಗೆ ಇನ್ನೊಂದು ಕನ್‌ಸ್ಟ್ರೇಂಟ್ ಅಷ್ಟೇ. ಬರೆದರೆ ಪಾಲಿಸುತ್ತೆ, ಬರೆಯದಿದ್ದರೆ ಅದಕ್ಕೆ ಗೊತ್ತೇ ಇರಲ್ಲ.

ಕೊನೆಗೆ, ಈ ಲೆಕ್ಕ ಸದ್ದಿಲ್ಲದೆ ಕೆಡುವ ಒಂದು ಜಾಗ ಹೇಳಬೇಕು, ಯಾಕಂದ್ರೆ ಡೇಟಾ ಜೊತೆ ಕೆಲಸ ಮಾಡುವ ನಾವೇ ಅಲ್ಲಿ ಎಡವೋದು. ಗಂಟೆಗೆ ಎಷ್ಟು ಗಿರಾಕಿ ಅಂತ ಕೇಳಿದರೆ ಎಲ್ಲರೂ ಬಿಲ್ಲಿಂಗ್ ಡೇಟಾ ತೆಗೀತಾರೆ. ಬಿಲ್‌ನಲ್ಲಿ ಇರೋದು ಕಾದು ಕೊಂಡವರು ಮಾತ್ರ. ಕ್ಯೂ ನೋಡಿ ತಿರುಗಿ ಹೋದವರ ಸಾಲು ಯಾವ ಟೇಬಲ್‌ನಲ್ಲೂ ಇಲ್ಲ. ಮೂರು ಜನರಿದ್ದು, ತಲಾ ಮೂರು ನಿಮಿಷ ಹಿಡಿದರೆ ಗಂಟೆಗೆ 60 ಬಿಲ್‌ಗಿಂತ ಹೆಚ್ಚು ಬರೋಕೆ ಸಾಧ್ಯವಿಲ್ಲ, ಹೊರಗೆ ತೊಂಬತ್ತು ಜನ ಬಂದಿದ್ದರೂ ಅಷ್ಟೇ. ಆ 60ನ್ನೇ ಬೇಡಿಕೆ ಅಂದುಕೊಂಡರೆ ನಿಜವಾದ ಹೊರೆ ಯಾವತ್ತೂ ಕಾಣಲ್ಲ. ಒಬ್ಬರು ರಜೆ ಹಾಕಿದ ತಿಂಗಳು ಬಿಲ್ 40ಕ್ಕೆ ಇಳಿಯುತ್ತೆ, ಮುಂದಿನ ತಿಂಗಳ ಅಂದಾಜೂ ಇಳಿಯುತ್ತೆ, ಆಮೇಲೆ ಜನರನ್ನೂ ಇಳಿಸ್ತಾರೆ.

ಕಂಡುಹಿಡಿಯೋದು ಹೇಗೆ? ಗಂಟೆವಾರು ಬಿಲ್‌ಗಳ ಗ್ರಾಫ್ ಹಾಕಿ. ನಿಜವಾದ ನೂಕುನುಗ್ಗಲಿಗೆ ಗುಡ್ಡದ ಹಾಗೆ ತುದಿ ಇರುತ್ತೆ, ದಿನದಿಂದ ದಿನಕ್ಕೆ ಎತ್ತರ ಬದಲಾಗುತ್ತೆ. ಎಂಟರಿಂದ ಹತ್ತರ ತನಕ ಗೆರೆ ಮೇಜಿನ ಹಾಗೆ ಚಪ್ಪಟೆಯಾಗಿದ್ದು, ವಾರವಿಡೀ ಅದೇ ಅಂಕಿಯಲ್ಲಿ ನಿಂತಿದ್ದರೆ ನೀವು ನೋಡ್ತಿರೋದು ಗಿರಾಕಿಗಳನ್ನಲ್ಲ, ನಿಮ್ಮ ಸಿಬ್ಬಂದಿಯ ಮಿತಿಯನ್ನು. ಆಗ ಬಾಗಿಲಲ್ಲಿ ಎಣಿಸಬೇಕು. ಅಲ್ಲೂ ಹುಷಾರು: ನಾಲ್ವರ ಕುಟುಂಬ ಸೆನ್ಸರಿಗೆ ನಾಲ್ಕು, ಕೌಂಟರಿಗೆ ಒಂದೇ ಬಿಲ್. ಜನಸಂದಣಿ ಇಲ್ಲದ ಹೊತ್ತಿನಲ್ಲಿ ಎಷ್ಟು ತಲೆಗೆ ಒಂದು ಬಿಲ್ ಅಂತ ಮೊದಲು ತೆಗೆದುಕೊಳ್ಳಿ, ಆಮೇಲೆ ಅದೇ ಅನುಪಾತವನ್ನು ಎಂಟು ಗಂಟೆಗೆ ಹಾಕಿ. ಬರಬೇಕಾಗಿದ್ದ ಬಿಲ್‌ಗಳಿಗೂ ಬಂದ ಬಿಲ್‌ಗಳಿಗೂ ಇರುವ ಅಂತರ ಹೆಚ್ಚುಕಮ್ಮಿ ತಿರುಗಿ ಹೋದವರ ಸಂಖ್ಯೆ. ಬಾಗಿಲ ಹೊರಗಿನಿಂದಲೇ ಕ್ಯೂ ನೋಡಿ ಹೋದವರು ಇದರಲ್ಲೂ ಸಿಗಲ್ಲ. ಅವರನ್ನು ಎಣಿಸೋಕೆ ಒಂದು ವಾರ ಬೆಳಿಗ್ಗೆ ಯಾರಾದರೂ ಪುಸ್ತಕ ಪೆನ್ನು ಹಿಡಿದು ರಸ್ತೆ ಆ ಕಡೆ ನಿಲ್ಲಬೇಕು.