ಲಿಂಕ್ ಕಳಿಸಿದರೆ ಫೈಲ್ ಕಳಿಸಿದಂತೆಯೇ?

ಇಮೇಲ್‌ಗೆ ದೊಡ್ಡ ಫೈಲ್ ಸೇರಿಸಲು ಹೋದಾಗ, ಅದನ್ನು ಕ್ಲೌಡ್‌ನಲ್ಲಿಟ್ಟು ಲಿಂಕ್ ಕಳಿಸುವಂತೆ ತಂತ್ರಾಂಶವೇ ಸಲಹೆ ಕೊಡುವುದುಂಟು. ನಾವು ಒಪ್ಪುತ್ತೇವೆ, ಮೇಲ್ ಹೋಗುತ್ತದೆ, 'Sent' ಪೆಟ್ಟಿಗೆಯಲ್ಲಿ ಫೈಲಿನ ಹೆಸರೂ ಕಾಣುತ್ತದೆ. ಹೀಗಾಗಿ ಲಿಂಕ್ ಎಂದರೆ ಅಟ್ಯಾಚ್‌ಮೆಂಟ್‌ನದೇ ಇನ್ನೊಂದು ರೂಪ ಎಂದು ಹಲವರು ಭಾವಿಸುತ್ತಾರೆ. ಇದು ನಿಜವೇ?

ನಿಜವಲ್ಲ. ಅಟ್ಯಾಚ್‌ಮೆಂಟ್ ಎಂದರೆ ಫೈಲಿನ ಪ್ರತಿ. ಅದು ಪತ್ರದ ಜೊತೆಯಲ್ಲೇ ಹೋಗಿ, ಪಡೆದವರ ಪೆಟ್ಟಿಗೆಯಲ್ಲಿ ಉಳಿಯುತ್ತದೆ. ಲಿಂಕ್ ಎಂದರೆ ಫೈಲ್ ಇರುವ ಜಾಗದ ವಿಳಾಸ ಮಾತ್ರ. ಫೈಲ್ ನಮ್ಮ ಖಾತೆಯಲ್ಲೇ ಇರುತ್ತದೆ, ಅದನ್ನು ಯಾರು ತೆರೆಯಬಹುದು ಎಂಬ ಅನುಮತಿಯೂ ಅಲ್ಲೇ ಇರುತ್ತದೆ. ವಿಳಾಸ ತಲುಪಿತು ಎಂದ ಮಾತ್ರಕ್ಕೆ ಬಾಗಿಲು ತೆರೆಯುತ್ತದೆ ಎಂದಲ್ಲ.

ತಂತ್ರಾಂಶ ಈ ಸಲಹೆ ಕೊಡುವುದೇಕೆ?

ಇಮೇಲ್ ಹುಟ್ಟಿದ್ದು ಅಕ್ಷರಗಳನ್ನು ಸಾಗಿಸಲು. ಚಿತ್ರ, ಪಿಡಿಎಫ್ ಇತ್ಯಾದಿಗಳನ್ನು ಕಳಿಸಬೇಕಾದರೆ ಅವನ್ನು ಮೊದಲು ಸರಳ ಅಕ್ಷರಗಳ ಸಾಲುಗಳಾಗಿ ಬದಲಿಸಬೇಕು. ಬೇಸ್64 ಎಂಬ ಈ ವಿಧಾನದಲ್ಲಿ ಪ್ರತಿ 3 ಬೈಟ್ 4 ಅಕ್ಷರಗಳಾಗುತ್ತದೆ. ಸಾಲು ಮುರಿಯುವ ಗುರುತುಗಳೂ ಸೇರಿದರೆ ಗಾತ್ರ ಸುಮಾರು ಶೇ. 37ರಷ್ಟು ಹಿಗ್ಗುತ್ತದೆ. ನಮ್ಮ ಕಂಪ್ಯೂಟರಿನಲ್ಲಿ 8 ಎಂಬಿ ಇರುವ ಫೈಲ್ ದಾರಿಯಲ್ಲಿ ಸುಮಾರು 11 ಎಂಬಿ ಆಗಿರುತ್ತದೆ.

ಪಡೆಯುವ ಸರ್ವರ್‌ಗೂ ಅದರದೇ ಮಿತಿ ಇರುತ್ತದೆ. ಪೋಸ್ಟ್‌ಫಿಕ್ಸ್ ಎಂಬ ಜನಪ್ರಿಯ ಮೇಲ್ ಸರ್ವರ್ ತಂತ್ರಾಂಶದಲ್ಲಿ, ಬೇರೆ ಮಿತಿ ಹೊಂದಿಸದಿದ್ದರೆ, ಒಂದು ಮೇಲ್ 1,02,40,000 ಬೈಟ್ ಮೀರುವಂತಿಲ್ಲ. ಅಂದರೆ ಸುಮಾರು 10 ಎಂಬಿ. ಮೇಲಿನ 8 ಎಂಬಿ ಫೈಲ್ ಅಲ್ಲಿ ನಿಂತುಹೋಗುತ್ತದೆ. ಪಡೆಯುವವರ ಮಿತಿ ಎಷ್ಟು ಎಂದು ನಾವು ಬರೆಯುತ್ತಿರುವಾಗ ನಮ್ಮ ತಂತ್ರಾಂಶಕ್ಕೆ ತಿಳಿದಿರುವುದಿಲ್ಲ. ಆದ್ದರಿಂದ ಅದು ಮೊದಲೇ ಎಚ್ಚರಿಸುತ್ತದೆ. ಥಂಡರ್‌ಬರ್ಡ್ 5 ಎಂಬಿ ದಾಟಿದ ಕೂಡಲೇ ಲಿಂಕ್‌ನ ಸಲಹೆ ಕೊಡುತ್ತದೆ. ಅದು ಸಲಹೆಯಷ್ಟೇ, ಬೇಡವೆನ್ನಬಹುದು. ಜಿಮೇಲ್ ಮಾತ್ರ 25 ಎಂಬಿ ಮೀರಿದರೆ ಫೈಲನ್ನು ತಾನೇ ಗೂಗಲ್ ಡ್ರೈವ್‌ಗೆ ಹಾಕಿ ಲಿಂಕ್ ಸೇರಿಸುತ್ತದೆ.

ತೆರೆಯದಿರುವುದು ಎಲ್ಲಿ?

ಒಂದು ಉದಾಹರಣೆ ನೋಡೋಣ. ವಿದ್ಯಾರ್ಥಿನಿಯೊಬ್ಬಳು ವಿದ್ಯಾರ್ಥಿವೇತನದ ಅರ್ಜಿಗಾಗಿ ಅಂಕಪಟ್ಟಿ, ಆದಾಯ ಪ್ರಮಾಣಪತ್ರ ಎಲ್ಲ ಸೇರಿ 16 ಪುಟಗಳನ್ನು ಬಣ್ಣದಲ್ಲಿ ಸ್ಕ್ಯಾನ್ ಮಾಡಿದ್ದಾಳೆ. ಪಿಡಿಎಫ್ 32 ಎಂಬಿ ಆಗಿದೆ. ಅರ್ಜಿಗೆ ಅಂದೇ ಕೊನೆಯ ದಿನ. ಜಿಮೇಲ್ ಫೈಲನ್ನು ಡ್ರೈವ್‌ಗೆ ಹಾಕುತ್ತದೆ. 'Send' ಒತ್ತಿದಾಗ, ಪಡೆಯುವವರಿಗೆ ಫೈಲ್ ನೋಡುವ ಅನುಮತಿ ಇಲ್ಲ, ಕೊಡಬೇಕೇ ಎಂದು ಕೇಳುತ್ತದೆ. ಅವಳು ಕಚೇರಿಯ ವಿಳಾಸವೊಂದಕ್ಕೆ ಮಾತ್ರ ಅನುಮತಿ ಕೊಟ್ಟು ಕಳಿಸುತ್ತಾಳೆ.

ಕಚೇರಿಯ ಗುಮಾಸ್ತರು ಅದನ್ನು ಆಯ್ಕೆ ಸಮಿತಿಯ ಮೂವರಿಗೆ ಫಾರ್ವರ್ಡ್ ಮಾಡುತ್ತಾರೆ. ಆ ಮೂವರಿಗೂ ಕಾಣುವುದು 'You need access' ಎಂಬ ಪುಟ. ಫಾರ್ವರ್ಡ್‌ನಲ್ಲಿ ಲಿಂಕ್ ಮುಂದೆ ಹೋಯಿತು, ಅನುಮತಿ ಹೋಗಲಿಲ್ಲ. ಗುಮಾಸ್ತರಿಗೂ ಇದೇ ಆಗಬಹುದು. ಬ್ರೌಸರ್‌ನಲ್ಲಿ ಅವರು ತಮ್ಮ ಸ್ವಂತ ಗೂಗಲ್ ಖಾತೆಗೆ ಲಾಗಿನ್ ಆಗಿದ್ದರೆ, ಡ್ರೈವ್‌ನ ಲೆಕ್ಕದಲ್ಲಿ ಅವರು ಬೇರೆಯೇ ವ್ಯಕ್ತಿ. 'Request access' ಒತ್ತಿದರೆ ಕೋರಿಕೆ ವಿದ್ಯಾರ್ಥಿನಿಗೆ ಮೇಲ್ ಆಗಿ ಬರುತ್ತದೆ. ಅವಳು ಅದನ್ನು ನೋಡಿ ಒಪ್ಪುವವರೆಗೂ ಬಾಗಿಲು ಮುಚ್ಚಿಯೇ ಇರುತ್ತದೆ. ಅಷ್ಟರಲ್ಲಿ ಗಡುವು ಮುಗಿದಿರಬಹುದು.

ಇಲ್ಲಿ ಗಮನಿಸಬೇಕಾದ ಮುಖ್ಯ ವ್ಯತ್ಯಾಸ ಒಂದಿದೆ. ಅಟ್ಯಾಚ್‌ಮೆಂಟ್ ಮಿತಿ ಮೀರಿದ್ದರೆ ಸಾಮಾನ್ಯವಾಗಿ ಮೇಲ್ ತಿರಸ್ಕೃತವಾಗಿ, ಆ ಸುದ್ದಿ ನಮಗೆ ಬರುತ್ತದೆ. ಗಾತ್ರ ಹೆಚ್ಚಾಯಿತು ಎಂದು ಹೇಳುವ 552 ಎಂಬ ಸಂಖ್ಯೆಯೂ ಅದರಲ್ಲಿ ಕಾಣಸಿಗುತ್ತದೆ. ಲಿಂಕ್‌ನಲ್ಲಿ ಹಾಗಲ್ಲ. ಮೇಲ್ ಸರಿಯಾಗಿಯೇ ತಲುಪಿರುತ್ತದೆ, ಹಾಗಾಗಿ ಅದು ವಾಪಸು ಬರುವುದಿಲ್ಲ. ತೆರೆಯಲಾಗದವರು ಅನುಮತಿ ಕೇಳದೆ ಸುಮ್ಮನಾದರೆ ನಮಗೆ ಗೊತ್ತಾಗುವುದೇ ಇಲ್ಲ. ನಾವೇ ಒತ್ತಿ ನೋಡಿದರೂ ಪ್ರಯೋಜನವಿಲ್ಲ, ಏಕೆಂದರೆ ಫೈಲಿನ ಮಾಲೀಕರು ನಾವೇ. ನಮಗೆ ಅದು ಯಾವಾಗಲೂ ತೆರೆಯುತ್ತದೆ.

ಎಲ್ಲರಿಗೂ ಅನುಮತಿ ಕೊಟ್ಟರೆ ಆಗದೇ?

ಡ್ರೈವ್‌ನಲ್ಲಿ 'Restricted' ಎಂದಿರುವುದನ್ನು 'Anyone with the link' ಎಂದು ಬದಲಿಸಿದರೆ ಲಾಗಿನ್ ಇಲ್ಲದೆಯೂ ಫೈಲ್ ತೆರೆಯುತ್ತದೆ, ಫಾರ್ವರ್ಡ್ ಮಾಡಿದರೂ ತೆರೆಯುತ್ತದೆ. ಕಾರ್ಯಕ್ರಮದ ಫೋಟೊ, ಆಹ್ವಾನ ಪತ್ರಿಕೆಗೆ ಇದು ಸಾಕು. ಆದರೆ ಆ ಲಿಂಕ್ ಯಾರ ಕೈಗೆ ಸಿಕ್ಕರೂ ಅವರು ನೋಡಬಹುದು. ಆಧಾರ್, ಬ್ಯಾಂಕ್ ಪಾಸ್‌ಬುಕ್, ವೈದ್ಯಕೀಯ ವರದಿ ಇರುವ ಫೈಲ್‌ಗೆ ಇದು ಸೂಕ್ತವಲ್ಲ. ಕಚೇರಿ ಅಥವಾ ಕಾಲೇಜು ಕೊಟ್ಟ ಖಾತೆಯಲ್ಲಿ ಹೊರಗಿನವರೊಂದಿಗೆ ಹಂಚುವುದನ್ನೇ ಆಡಳಿತದವರು ತಡೆದಿರಬಹುದು. ಆಗ ಈ ಆಯ್ಕೆ ನಮಗೆ ಸಿಗುವುದಿಲ್ಲ.

ಇನ್ನೊಂದು ಮಿತಿ ಕಾಲದ್ದು. ಜಾಗ ಖಾಲಿ ಮಾಡಲು ಮುಂದೊಂದು ದಿನ ನಾವು ಡ್ರೈವ್‌ನಿಂದ ಫೈಲ್ ಅಳಿಸಿದರೆ, ಹಳೆಯ ಮೇಲ್‌ನಲ್ಲಿರುವ ಲಿಂಕ್ ಕೆಲಸಕ್ಕೆ ಬಾರದು. ಕಾಲೇಜಿನ ಖಾತೆ ಮುಚ್ಚಿದರೂ ಅಷ್ಟೇ. ದಾಖಲೆಯಾಗಿ ಉಳಿಯಬೇಕಾದ ಕಾಗದಗಳಿಗೆ ಅಟ್ಯಾಚ್‌ಮೆಂಟೇ ವಾಸಿ.

ಹಾಗಾದರೆ ಏನು ಮಾಡಬೇಕು?

ಮೊದಲು ಫೈಲನ್ನು ಚಿಕ್ಕದು ಮಾಡಲು ನೋಡಬೇಕು. 300 ಡಿಪಿಐ ಬದಲು 150 ಡಿಪಿಐನಲ್ಲಿ ಸ್ಕ್ಯಾನ್ ಮಾಡಿದರೆ ಉದ್ದ, ಅಗಲ ಎರಡರಲ್ಲೂ ಚುಕ್ಕೆಗಳು ಅರ್ಧವಾಗುತ್ತವೆ, ಒಟ್ಟು ಕಾಲು ಭಾಗಕ್ಕೆ ಇಳಿಯುತ್ತವೆ. ಮೇಲಿನ 32 ಎಂಬಿ ಪಿಡಿಎಫ್ ಹೀಗೆ 8 ಎಂಬಿಯ ಆಸುಪಾಸಿಗೆ ಬರಬಹುದು, ಬಣ್ಣ ಬೇಡವೆಂದರೆ ಇನ್ನೂ ಕಡಿಮೆ. ಮುದ್ರಿತ ಅಕ್ಷರ ಓದಲು ಸಾಮಾನ್ಯವಾಗಿ ಇಷ್ಟು ಸಾಕು. ಸೀಲು, ಸಣ್ಣ ಅಕ್ಷರಗಳು ಸ್ಪಷ್ಟವಾಗಿವೆಯೇ ಎಂದು ಮಾತ್ರ ಹಿಗ್ಗಿಸಿ ನೋಡಬೇಕು. ಆಗಲೂ ದೊಡ್ಡದಾಗಿದ್ದರೆ ಎರಡು ಭಾಗ ಮಾಡಿ, ಎರಡು ಮೇಲ್‌ಗಳಲ್ಲಿ ಅಟ್ಯಾಚ್ ಮಾಡಬಹುದು. ಫೈಲ್ ಈಗಾಗಲೇ ಡ್ರೈವ್‌ನಲ್ಲಿದ್ದು 25 ಎಂಬಿಯೊಳಗಿದ್ದರೆ, ಜಿಮೇಲ್‌ನಲ್ಲಿ ಅದನ್ನು ಸೇರಿಸುವಾಗ 'Drive link' ಬದಲು 'Attachment' ಆರಿಸಬೇಕು.

ಕಳಿಸುವ ಮೊದಲು ನಿಜವಾಗಿ ಏನು ಸೇರಿದೆ ಎಂದು ತಿಳಿಯುವುದೂ ಸುಲಭ. ಜಿಮೇಲ್‌ನಲ್ಲಿ ಅಟ್ಯಾಚ್‌ಮೆಂಟ್ ಆಗಿದ್ದರೆ ಹೆಸರಿನ ಪಕ್ಕ ಗಾತ್ರ ಇರುತ್ತದೆ. ಲಿಂಕ್‌ಗೆ ಗಾತ್ರ ಇರುವುದಿಲ್ಲ.

ಲಿಂಕ್ ಕಳಿಸಲೇಬೇಕಾದರೆ ಮೊದಲು ಅದನ್ನು ನಕಲಿಸಿ, ಬ್ರೌಸರ್‌ನ ಖಾಸಗಿ ಕಿಟಕಿಯಲ್ಲಿ, ಯಾವ ಖಾತೆಗೂ ಲಾಗಿನ್ ಆಗದೆ ತೆರೆಯಬೇಕು. ಅಲ್ಲಿ ಫೈಲ್ ಕಂಡರೆ ಲಿಂಕ್ ಇರುವ ಯಾರಿಗೂ ಕಾಣುತ್ತದೆ. ಲಾಗಿನ್ ಪುಟ ಬಂದರೆ, ಅನುಮತಿ ಪಡೆದ ವಿಳಾಸದವರಿಗೆ ಮಾತ್ರ. ಆಗ ಯಾವ ವಿಳಾಸಕ್ಕೆ ಅನುಮತಿ ಕೊಟ್ಟಿದ್ದೇವೆ ಎಂದು ಮೇಲ್‌ನಲ್ಲೇ ಬರೆದು, ಗಡುವಿಗೆ ಮೊದಲೇ ಫೋನ್ ಮಾಡಿ "ಫೈಲ್ ತೆರೆಯಿತೇ?" ಎಂದು ಕೇಳುವುದು ಒಳ್ಳೆಯದು. "ಮೇಲ್ ಬಂತೇ?" ಎಂದು ಕೇಳಿದರೆ ಸಿಗುವ "ಬಂತು" ಎಂಬ ಉತ್ತರ ಇಲ್ಲಿ ಸಾಲದು.