ಡಿಫರ್ಡ್ ರೆಂಡರಿಂಗ್‌ನಲ್ಲಿ ಡೀಕಲ್ ಪ್ರಕ್ಷೇಪಣದ ಇತಿಹಾಸ

ಡೀಕಲ್ ಎಂದರೆ ವಿಡಿಯೊ ಗೇಮ್ ನಡೆಯುತ್ತಿರುವಾಗಲೇ ಅದರ ಗೋಡೆ, ನೆಲ, ಕಂಬಗಳ ಮೇಲೆ ಮೂಡಿಸುವ ಗುರುತು: ಗುಂಡು ಹೊಕ್ಕ ತೂತು, ರಕ್ತದ ಕಲೆ, ಸ್ಫೋಟದ ಮಸಿ, ಸೋರಿದ ನೀರಿನ ಕರೆ. ಡಿಫರ್ಡ್ ರೆಂಡರರ್‌ನಲ್ಲಿ ದೃಶ್ಯದ ಬಣ್ಣ, ಆಳ ಮತ್ತು ಮೇಲ್ಮೈಯ ಲಂಬದಿಕ್ಕು (ನಾರ್ಮಲ್) ಮೊದಲು ಜಿ-ಬಫರ್ ಎಂಬ ಚಿತ್ರಗಳ ಗುಂಪಿನಲ್ಲಿ ದಾಖಲಾಗುತ್ತವೆ. ಬೆಳಕಿನ ಲೆಕ್ಕ ಆಮೇಲೆ ನಡೆಯುತ್ತದೆ. ಈ ಎರಡು ಹಂತಗಳ ನಡುವೆ ಜಿ-ಬಫರ್‌ನ ಮೇಲೆಯೇ ಗುರುತನ್ನು ಬರೆದುಬಿಡುವ ವಿಧಾನವೇ ಈ ಲೇಖನದ ವಿಷಯ. ವಿಧಾನದ ತಿರುಳು ಸರಳ. ಆದರೆ ಏರುತಗ್ಗಿನ ಮೇಲ್ಮೈಗಳಲ್ಲಿ ಗುರುತು ಉದ್ದಕ್ಕೆ ಎಳೆದುಕೊಳ್ಳದಂತೆ ತಡೆಯುವುದು ಸುಲಭವಾಗಿರಲಿಲ್ಲ, ಆ ಪ್ರಯತ್ನದ ಇತಿಹಾಸ ಹಲವೆಡೆ ತಪ್ಪಾಗಿಯೂ ದಾಖಲಾಗಿದೆ.

ಪಾಲಿಗಾನ್ ಕತ್ತರಿಸುವ ಕಾಲ

ಡಿಫರ್ಡ್ ವಿಧಾನ ಬರುವ ಮೊದಲು ಡೀಕಲ್ ಎಂದರೆ ಹೊಸದಾಗಿ ತಯಾರಿಸಿದ ಪಾಲಿಗಾನ್ ಆಗಿತ್ತು. ಗುಂಡು ತಾಗಿದ ಜಾಗದ ಸುತ್ತಲಿನ ತ್ರಿಕೋನಗಳನ್ನು ಹುಡುಕಿ, ಗುರುತಿನ ಚೌಕದ ಅಂಚುಗಳಿಗೆ ಸರಿಯಾಗಿ ಕತ್ತರಿಸಿ, ಆ ತುಂಡುಗಳನ್ನು ಗೋಡೆಗಿಂತ ಕೂದಲೆಳೆಯಷ್ಟು ಮುಂದೆ ಚಿತ್ರಿಸಬೇಕಿತ್ತು. 1999ರ ಕ್ವೇಕ್ 3 ಅರೀನಾದಲ್ಲಿ ಈ ಕೆಲಸ ಮಾಡುವ ಫಂಕ್ಷನ್‌ನ ಹೆಸರು `R_MarkFragments`. 2001ರಲ್ಲಿ ಎರಿಕ್ ಲೆಂಗ್ಯೆಲ್ 'ಗೇಮ್ ಪ್ರೋಗ್ರಾಮಿಂಗ್ ಜೆಮ್ಸ್ 2' ಸಂಪುಟದಲ್ಲಿ ಇದೇ ಕೆಲಸವನ್ನು ಯಾವುದೇ ಆಕಾರದ ಮೇಲ್ಮೈಗೆ ಅನ್ವಯಿಸುವ ಕ್ರಮವನ್ನು ವಿವರಿಸಿದರು.

ಓರೆ ಮೇಲ್ಮೈಗಳನ್ನು ಕೋನದ ಮಿತಿಯಿಂದ ಕೈಬಿಡುವ ಉಪಾಯವನ್ನು ಡಿಫರ್ಡ್ ಯುಗದ ಕೊಡುಗೆ ಎಂದು ಹೇಳುವುದುಂಟು. 2005ರಲ್ಲಿ ಬಹಿರಂಗವಾದ ಕ್ವೇಕ್ 3 ಮೂಲಸಂಕೇತ ಈ ಮಾತನ್ನು ಸುಳ್ಳಾಗಿಸುತ್ತದೆ. ಸಮತಲದ ಮುಖಗಳ ನಾರ್ಮಲ್ ಮತ್ತು ಪ್ರಕ್ಷೇಪಣದ ದಿಕ್ಕುಗಳ ಡಾಟ್ ಗುಣಲಬ್ಧ -0.5ಕ್ಕಿಂತ ಹೆಚ್ಚಿದ್ದರೆ ಆ ಮುಖವನ್ನು ಅಲ್ಲಿ ಬಿಟ್ಟುಬಿಡಲಾಗುತ್ತದೆ. ಅಂದರೆ 60 ಡಿಗ್ರಿಗಿಂತ ಹೆಚ್ಚು ಓರೆಯಾದ ಮುಖಕ್ಕೆ ಗುರುತು ಬೀಳುವುದಿಲ್ಲ. ಮುಖಗಳನ್ನು ಹೀಗೆ ಒಮ್ಮೆಲೇ ಕೈಬಿಡುವ ಬದಲು, ಲೆಂಗ್ಯೆಲ್ ಕೋನ ಹೆಚ್ಚಿದಂತೆ ಗುರುತನ್ನು ಮಸುಕಾಗಿಸುತ್ತಾ ಹೋಗುವ ಸೂತ್ರ ಕೊಟ್ಟರು. ಇಂದಿನ ಎಂಜಿನ್‌ಗಳಲ್ಲಿ 'ಆಂಗಲ್ ಫೇಡ್' ಹೆಸರಿನಲ್ಲಿ ಕಾಣುವ ಸೌಲಭ್ಯ ಇದೇ ಜಾತಿಯದು.

ಪೆಟ್ಟಿಗೆಯ ವಿಧಾನ

ಡಿಫರ್ಡ್ ಶೇಡಿಂಗ್‌ನ ಬೇರು 1988ರಲ್ಲಿ ಮೈಕೆಲ್ ಡೀರಿಂಗ್ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಬಂಧದಲ್ಲಿದೆ. ಜಿ-ಬಫರ್‌ನ ಕಲ್ಪನೆ 1990ರಲ್ಲಿ ಸೈಟೊ ಮತ್ತು ತಕಾಹಾಶಿ ಅವರಿಂದ ಬಂತು. 2007ರ ಹೊತ್ತಿಗೆ ಸ್ಟಾಕರ್‌ನಂತಹ ಆಟಗಳು ಈ ವಿಧಾನವನ್ನು ಮನೆಮನೆಗೆ ತಲುಪಿಸಿದವು.

ಡಿಫರ್ಡ್ ರೆಂಡರರ್‌ನಲ್ಲಿ ಒಂದು ದೀಪದ ಬೆಳಕನ್ನು ಲೆಕ್ಕಹಾಕಲು ಅದರ ವ್ಯಾಪ್ತಿಯಷ್ಟು ದೊಡ್ಡ ಗೋಳವನ್ನು ಚಿತ್ರಿಸಿ, ಅದರೊಳಗೆ ಬರುವ ಪಿಕ್ಸೆಲ್‌ಗಳ ಸ್ಥಾನವನ್ನು ಡೆಪ್ತ್ ಬಫರ್‌ನಿಂದ ಮರಳಿ ಪಡೆಯುತ್ತಾರೆ. ಗೋಳದ ಜಾಗದಲ್ಲಿ ಪೆಟ್ಟಿಗೆ, ಬೆಳಕಿನ ಜಾಗದಲ್ಲಿ ಟೆಕ್ಸ್ಚರ್ ಬಂದರೆ ಡೀಕಲ್ ಸಿದ್ಧ. ಹಾಗಾಗಿ ಇದಕ್ಕೆ ಒಬ್ಬನೇ ಜನಕನನ್ನು ಹುಡುಕುವುದು ವ್ಯರ್ಥ. ಯಾನ್ ಕ್ರಾಸ್ನಿಗ್ 2010ರಲ್ಲಿ 'ಗೇಮ್ ಎಂಜಿನ್ ಜೆಮ್ಸ್ 1'ರಲ್ಲಿ ಇದನ್ನು ಡಿಫರ್ಡ್ ಡೀಕಲ್ ಎಂದು ಕರೆದರು. ಎಮಿಲ್ ಪೆರ್ಸನ್ 2011ರ 'ಜಿಪಿಯು ಪ್ರೊ 2'ರಲ್ಲಿ ವಾಲ್ಯೂಮ್ ಡೀಕಲ್ ಎಂದರು. ಪೋಪ್ ಕಿಮ್ 2012ರ ಸಿಗ್ರಾಫ್ ಸಮ್ಮೇಳನದಲ್ಲಿ 'ವಾರ್‌ಹ್ಯಾಮರ್ 40,000: ಸ್ಪೇಸ್ ಮರೀನ್' ಆಟದ ಅನುಭವವನ್ನು ಸ್ಕ್ರೀನ್ ಸ್ಪೇಸ್ ಡೀಕಲ್ ಎಂಬ ಹೆಸರಿನಲ್ಲಿ ಮುಂದಿಟ್ಟರು. ಇವು ಮೂರು ತಂತ್ರಗಳೆಂದು ಪಟ್ಟಿ ಮಾಡುವುದು ಸರಿಯಲ್ಲ, ಮೂರರ ತಿರುಳೂ ಒಂದೇ:

```hlsl
float3 p = mul(worldToDecal, float4(worldPos, 1)).xyz;
clip(0.5 - abs(p));
float2 uv = p.xy + 0.5;
```

ಮೊದಲ ಸಾಲು ಪಿಕ್ಸೆಲ್‌ನ ಸ್ಥಾನವನ್ನು ಪೆಟ್ಟಿಗೆಯ ಸ್ವಂತ ಅಳತೆಗೆ ತರುತ್ತದೆ. ಎರಡನೆಯದು ಪೆಟ್ಟಿಗೆಯ ಹೊರಗಿನ ಪಿಕ್ಸೆಲ್‌ಗಳನ್ನು ಕೈಬಿಡುತ್ತದೆ. ಮೂರನೆಯದು ಉಳಿದ ಪಿಕ್ಸೆಲ್‌ಗಳಿಗೆ ಟೆಕ್ಸ್ಚರ್‌ನ ಯಾವ ಬಿಂದು ಸಲ್ಲಬೇಕೆಂದು ಹೇಳುತ್ತದೆ. ತ್ರಿಕೋನ ಕತ್ತರಿಸುವ ಕೆಲಸವೇ ಇಲ್ಲ. ಕಲ್ಲುಬಂಡೆಯಾಗಲಿ, ಮುರಿದ ಮೆಟ್ಟಿಲಾಗಲಿ, ಗುರುತು ತಾನಾಗಿಯೇ ಅದರ ಮೇಲೆ ಕೂರುತ್ತದೆ. ಪೆಟ್ಟಿಗೆಯೊಳಗೆ ನಡೆದುಬಂದ ಸೈನಿಕನ ಕಾಲಿಗೂ ನೆಲದ ರಕ್ತದ ಕಲೆ ಹತ್ತಿಕೊಳ್ಳುವುದು ಇದರ ಅಡ್ಡ ಪರಿಣಾಮ. ಚಲಿಸುವ ವಸ್ತುಗಳನ್ನು ಸ್ಟೆನ್ಸಿಲ್ ಬಿಟ್‌ನಿಂದ ಗುರುತಿಸಿ ಹೊರಗಿಟ್ಟರೆ ಅದು ನಿಲ್ಲುತ್ತದೆ.

ಎಳೆತ ಹೇಗೆ ಹುಟ್ಟುತ್ತದೆ

ಇಳಿಬಿಸಿಲಿನಲ್ಲಿ ನೆರಳು ಉದ್ದವಾಗುವ ಹಾಗೆ, ಓರೆಯಾದ ಮೇಲ್ಮೈಯ ಮೇಲೆ ಬಿದ್ದ ಗುರುತೂ ಉದ್ದವಾಗುತ್ತದೆ. ಮೇಲ್ಮೈಯ ನಾರ್ಮಲ್ ಮತ್ತು ಪೆಟ್ಟಿಗೆಯ ಅಕ್ಷದ ನಡುವಿನ ಕೋನ θ ಆದರೆ ಎಳೆತದ ಪ್ರಮಾಣ 1/cos θ. ಕೋನ 45 ಡಿಗ್ರಿ ಇದ್ದಾಗ ಇದು 1.41 ಪಟ್ಟು, 60 ಡಿಗ್ರಿಗೆ 2 ಪಟ್ಟು, 75 ಡಿಗ್ರಿಗೆ ಸುಮಾರು 3.9 ಪಟ್ಟು. 90 ಡಿಗ್ರಿಗೆ ಮಿತಿಯೇ ಇಲ್ಲ. ಕ್ವೇಕ್ 3ರ 0.5 ಎಂಬ ಮಿತಿ ಎರಡು ಪಟ್ಟಿನ ಎಳೆತಕ್ಕೆ ಸರಿಯಾಗಿ ಹೊಂದುತ್ತದೆ.

ಒಂದು ಉದಾಹರಣೆ ನೋಡೋಣ. ಚೌಕ ಕಂಬವೊಂದರ ಮುಂಬದಿಗೆ, ಅದರ ಅಂಚಿನಿಂದ 4 ಸೆಂ.ಮೀ. ಒಳಗೆ ಗುಂಡು ತಾಗಿದೆ. ಡೀಕಲ್ ಪೆಟ್ಟಿಗೆಯ ಅಗಲ ಮತ್ತು ಎತ್ತರ ತಲಾ 20 ಸೆಂ.ಮೀ., ಆಳ 10 ಸೆಂ.ಮೀ., ಅದರ ಕೇಂದ್ರ ಕಂಬದ ಮುಂಬದಿಯ ಮೇಲಿದೆ. ಪೆಟ್ಟಿಗೆ ಕೇಂದ್ರದಿಂದ ಎರಡೂ ಕಡೆ 10 ಸೆಂ.ಮೀ. ಚಾಚಿರುವುದರಿಂದ ಅಂಚಿನಾಚೆ 6 ಸೆಂ.ಮೀ. ಗಾಳಿಯಲ್ಲಿ ಉಳಿಯುತ್ತದೆ. ಕಂಬದ ಪಕ್ಕದ ಮುಖವೂ ಅಂಚಿನಿಂದ ಹಿಂದಕ್ಕೆ 5 ಸೆಂ.ಮೀ.ವರೆಗೆ ಪೆಟ್ಟಿಗೆಯ ಒಳಗೇ ಇದೆ. ಆ ಮುಖದ ಎಲ್ಲ ಬಿಂದುಗಳೂ ಕೇಂದ್ರದಿಂದ ಅಡ್ಡಲಾಗಿ ಸರಿಯಾಗಿ 4 ಸೆಂ.ಮೀ. ದೂರದಲ್ಲಿವೆ. ಹಾಗಾಗಿ ಅವುಗಳ u ಬೆಲೆ ಒಂದೇ: 0.5 + 4/20 = 0.7. ಟೆಕ್ಸ್ಚರ್ 256 ಪಿಕ್ಸೆಲ್ ಅಗಲವಿದ್ದರೆ ಅದರ 179ನೇ ಕಂಬಸಾಲು ಮಾತ್ರ 5 ಸೆಂ.ಮೀ. ಉದ್ದಕ್ಕೂ ಬಳಿದಂತಾಗುತ್ತದೆ. ಆಟಗಾರ ಪಕ್ಕಕ್ಕೆ ಬಂದು ನೋಡಿದರೆ ಬಾಚಿದಂತಹ ಸಮಾಂತರ ಗೆರೆಗಳು ಕಾಣುತ್ತವೆ.

ಪೆಟ್ಟಿಗೆಯ ಆಳವನ್ನು 2 ಸೆಂ.ಮೀ.ಗೆ ಇಳಿಸಿದರೆ ಗೆರೆಯ ಉದ್ದವೂ 1 ಸೆಂ.ಮೀ.ಗೆ ಇಳಿಯುತ್ತದೆ. ಆದರೆ ಆಗ ಅದಕ್ಕಿಂತ ಹೆಚ್ಚು ಏರುತಗ್ಗಿನ ಒರಟು ಕಲ್ಲಿನ ಮೇಲೆ ಗುರುತು ಅಲ್ಲಲ್ಲಿ ಕತ್ತರಿಸಿಹೋಗುತ್ತದೆ. ಕೋನದ ಪರೀಕ್ಷೆಗೆ ಈ ಇಕ್ಕಟ್ಟಿಲ್ಲ. ಪಕ್ಕದ ಮುಖದ ನಾರ್ಮಲ್ ಮತ್ತು ಪೆಟ್ಟಿಗೆಯ ಅಕ್ಷದ ಡಾಟ್ ಗುಣಲಬ್ಧ 0, ಮಿತಿ 0.5. ಆ ಮುಖ ಪೂರ್ತಿಯಾಗಿ ಹೊರಗುಳಿಯುತ್ತದೆ.

ಯಾವ ನಾರ್ಮಲ್?

ಕ್ವೇಕ್ 3ಗೆ ತ್ರಿಕೋನಗಳು ಕೈಯಲ್ಲೇ ಇದ್ದವು, ಅವುಗಳ ದಿಕ್ಕು ಗೊತ್ತಿತ್ತು. ಡಿಫರ್ಡ್ ಡೀಕಲ್‌ಗೆ ಸಿಗುವುದು ಪಿಕ್ಸೆಲ್‌ಗಳು ಮಾತ್ರ, ಹಾಗಾಗಿ ಕೋನ ಅಳೆಯುವುದಕ್ಕೆ ನಾರ್ಮಲ್ ಎಲ್ಲಿಂದ ತರಬೇಕೆಂಬ ಪ್ರಶ್ನೆ ಹುಟ್ಟಿತು.

ಜಿ-ಬಫರ್‌ನಲ್ಲಿರುವ ನಾರ್ಮಲ್ ಈ ಕೆಲಸಕ್ಕೆ ಸೂಕ್ತವಲ್ಲ. ನಾರ್ಮಲ್ ಮ್ಯಾಪ್‌ನ ಉಬ್ಬುತಗ್ಗುಗಳು ಅದರಲ್ಲಿ ಆಗಲೇ ಬೆರೆತಿರುತ್ತವೆ. ಇಟ್ಟಿಗೆ ಗೋಡೆ ವಾಸ್ತವದಲ್ಲಿ ಸಪಾಟಾದ ಪಾಲಿಗಾನ್ ಆಗಿದ್ದರೂ ಗಾರೆಯ ಸಂದುಗಳಲ್ಲಿ ನಾರ್ಮಲ್ ತೀವ್ರವಾಗಿ ಬಾಗಿರಬಹುದು. ಅಂತಹ ಕಡೆ ಪರೀಕ್ಷೆ ಸೋತು ರಕ್ತದ ಕಲೆಯಲ್ಲಿ ಸಂದಿನುದ್ದಕ್ಕೂ ಬಿರುಕುಗಳು ಕಾಣುತ್ತವೆ. ಅಲ್ಲದೆ ಡೀಕಲ್ ತಾನೂ ನಾರ್ಮಲ್ ಬರೆಯುವುದಾದರೆ, ಅದೇ ಬಫರ್‌ನಿಂದ ಓದುತ್ತಲೇ ಬರೆಯಲು ಸಾಮಾನ್ಯವಾಗಿ ಆಗುವುದಿಲ್ಲ. ಮೊದಲು ಅದರ ಪ್ರತಿ ತೆಗೆಯಬೇಕು.

ಇನ್ನೊಂದು ದಾರಿ ಎಂದರೆ ಅಕ್ಕಪಕ್ಕದ ಪಿಕ್ಸೆಲ್‌ಗಳ ಸ್ಥಾನಗಳ ವ್ಯತ್ಯಾಸದಿಂದ, `cross(ddy(worldPos), ddx(worldPos))` ಎಂಬ ಲೆಕ್ಕದಿಂದ, ನಿಜವಾದ ಮೇಲ್ಮೈಯ ನಾರ್ಮಲ್ ಪಡೆಯುವುದು. ಉಬ್ಬುತಗ್ಗಿನ ತೊಂದರೆ ಇದರಿಂದ ತಪ್ಪುತ್ತದೆ. ಆದರೆ ಜಿಪಿಯು ಈ ವ್ಯತ್ಯಾಸವನ್ನು 2×2 ಪಿಕ್ಸೆಲ್‌ಗಳ ಗುಂಪಿನೊಳಗೆ ಲೆಕ್ಕಹಾಕುತ್ತದೆ. ಗುಂಪಿನ ಒಂದು ಪಿಕ್ಸೆಲ್ ಕಂಬದ ಮೇಲೂ ಇನ್ನೊಂದು ಹಿಂದಿನ ಗೋಡೆಯ ಮೇಲೂ ಇದ್ದರೆ ಬರುವ ನಾರ್ಮಲ್ ಎರಡಕ್ಕೂ ಸೇರಿದ್ದಲ್ಲ. ಪರಿಣಾಮವಾಗಿ ಕಂಬದ ಅಂಚಿನಲ್ಲಿ ಚುಕ್ಕೆಗಳು ಮಿನುಗುತ್ತವೆ. ಎಡ-ಬಲ, ಮೇಲೆ-ಕೆಳಗೆ ಎರಡೂ ಕಡೆಯ ಆಳ ನೋಡಿ, ಹತ್ತಿರದ ಆಳವುಳ್ಳ ನೆರೆಯ ಪಿಕ್ಸೆಲ್ಲನ್ನೇ ಲೆಕ್ಕಕ್ಕೆ ಆರಿಸಿಕೊಂಡರೆ ಇದು ಬಹುಪಾಲು ಹೋಗುತ್ತದೆ. ಕಡಿಮೆ ತ್ರಿಕೋನಗಳ ದುಂಡು ಕಂಬದಲ್ಲಿ ಮಾತ್ರ ಗುರುತು ಮಸುಕಾಗುವ ಜಾಗದಲ್ಲಿ ಪಟ್ಟಿಪಟ್ಟಿಯಾಗಿ ಕಾಣುವುದು ಉಳಿಯುತ್ತದೆ.

ಅಂಚಿನ ಗೆರೆಗಳು

ಇದೇ 2×2 ಗುಂಪು ಇನ್ನೊಂದು ದೋಷಕ್ಕೂ ಕಾರಣ. ಟೆಕ್ಸ್ಚರ್‌ನ ಯಾವ ಮಿಪ್ ಮಟ್ಟವನ್ನು, ಅಂದರೆ ಎಷ್ಟು ಕುಗ್ಗಿಸಿದ ಪ್ರತಿಯನ್ನು ಬಳಸಬೇಕೆಂದು ಜಿಪಿಯು ನಿರ್ಧರಿಸುವುದು ನೆರೆಯ ಪಿಕ್ಸೆಲ್‌ಗಳ uv ವ್ಯತ್ಯಾಸದಿಂದ. ಆಳ ಹಠಾತ್ತನೆ ಬದಲಾಗುವ ಅಂಚಿನಲ್ಲಿ ಆ ವ್ಯತ್ಯಾಸ ವಿಪರೀತವಾಗಿ, ಅತಿ ಚಿಕ್ಕ ಪ್ರತಿ ಆಯ್ಕೆಯಾಗುತ್ತದೆ. ಹಾಗಾಗಿ ವಸ್ತುವಿನ ಸುತ್ತ ಎರಡು ಪಿಕ್ಸೆಲ್ ದಪ್ಪದ ಮಬ್ಬು ಗೆರೆ ಕಾಣುತ್ತದೆ. ಮಿಪ್ ಬಳಸದೆ ಬಿಟ್ಟರೆ ಗೆರೆ ಮಾಯವಾಗುತ್ತದೆ, ಆದರೆ ದೂರದ ಗುರುತುಗಳು ಮಿನುಗತೊಡಗುತ್ತವೆ. ಬಾರ್ಟ್ ವ್ರಾನ್ಸ್ಕಿ 2015ರಲ್ಲಿ ಈ ದೋಷ ಮತ್ತು ಅದರ ಪರಿಹಾರಗಳ ಬಗ್ಗೆ ವಿವರವಾಗಿ ಬರೆದರು. ಮೇಲ್ಮೈಯನ್ನು ಆ ಬಿಂದುವಿನಲ್ಲಿ ಸಮತಲವೆಂದು ಭಾವಿಸಿ, ನೆರೆಯ ಪಿಕ್ಸೆಲ್‌ನ ಕಿರಣ ಅದೇ ಸಮತಲವನ್ನು ಎಲ್ಲಿ ಸೇರುತ್ತದೆಂದು ಲೆಕ್ಕಹಾಕಿದರೆ ಸರಿಯಾದ ವ್ಯತ್ಯಾಸ ಸಿಗುತ್ತದೆ.

2016ರ ತಿರುವು

ಕ್ರಾಸ್ನಿಗ್, ಪೆರ್ಸನ್ ಅವರ ಲೇಖನಗಳಲ್ಲೇ ಈ ಇತಿಹಾಸವನ್ನು ಮುಗಿಸುವವರು ಒಂದು ಮುಖ್ಯ ಬದಲಾವಣೆಯನ್ನು ಬಿಟ್ಟುಬಿಡುತ್ತಾರೆ. 2016ರ ಸಿಗ್ರಾಫ್‌ನಲ್ಲಿ ಟಿಯಾಗೊ ಸೌಸಾ ಮತ್ತು ಜಾನ್ ಜೆಫ್ರಾಯ್ ಡೂಮ್ ಆಟದ ರೆಂಡರರ್ ಬಗ್ಗೆ ಮಾತನಾಡಿದರು. ಅದರಲ್ಲಿ ಪೆಟ್ಟಿಗೆಗಳನ್ನು ಪ್ರತ್ಯೇಕವಾಗಿ ಚಿತ್ರಿಸುವುದಿಲ್ಲ. ಕ್ಯಾಮೆರಾದ ಮುಂದಿನ ಜಾಗವನ್ನು ಚಿಕ್ಕ ಚಿಕ್ಕ ಕೋಶಗಳಾಗಿ ಹಂಚಿ, ಪ್ರತಿ ಕೋಶದ ದೀಪಗಳ ಜೊತೆ ಡೀಕಲ್‌ಗಳ ಪಟ್ಟಿಯನ್ನೂ ಇಡಲಾಗುತ್ತದೆ. ಗೋಡೆ ತನ್ನನ್ನು ತಾನು ಚಿತ್ರಿಸಿಕೊಳ್ಳುವಾಗಲೇ ಆ ಪಟ್ಟಿ ಓದಿ ಗುರುತುಗಳನ್ನು ಸೇರಿಸಿಕೊಳ್ಳುತ್ತದೆ.

ಆ ಕ್ಷಣದಲ್ಲಿ ಗೋಡೆಯ ತ್ರಿಕೋನ ಕೈಯಲ್ಲಿರುತ್ತದೆ. ನಾರ್ಮಲ್ ಮ್ಯಾಪ್ ಬೆರೆಯುವ ಮೊದಲಿನ ನಾರ್ಮಲ್ ಸಿಗುತ್ತದೆ. 2×2 ಗುಂಪಿನ ನಾಲ್ಕೂ ಪಿಕ್ಸೆಲ್‌ಗಳ ಸ್ಥಾನ ಅದೇ ತ್ರಿಕೋನದ ಸಮತಲದಲ್ಲಿ ಲೆಕ್ಕವಾಗುವುದರಿಂದ ಮಬ್ಬು ಗೆರೆಗೂ ಎಡೆಯಿಲ್ಲ. ಡೂಮ್ ಪೂರ್ಣ ಡಿಫರ್ಡ್ ಅಲ್ಲ, ಹೆಚ್ಚಾಗಿ ಫಾರ್ವರ್ಡ್ ರೆಂಡರರ್. ಆದರೆ ಜಿ-ಬಫರ್ ತುಂಬುವ ಶೇಡರ್‌ನಲ್ಲೂ ಇದೇ ಉಪಾಯ ನಡೆಯುತ್ತದೆ. ಅದೇ ವರ್ಷ ಮ್ಯಾಟ್ ಪೆಟಿನಿಯೊ ಜಿ-ಬಫರ್‌ನಲ್ಲಿ ಆಳದ ಇಳಿಜಾರನ್ನೂ ಉಳಿಸಿಟ್ಟು, ಡೀಕಲ್‌ಗಳನ್ನು ಬೆಳಕಿನ ಹಂತದಲ್ಲೇ ಸೇರಿಸುವ ಮಾದರಿಯನ್ನು ತೋರಿಸಿದರು.

ಈಗಿನ ಸ್ಥಿತಿ

ಅನ್‌ರಿಯಲ್ ಮತ್ತು ಯೂನಿಟಿ ಎಂಜಿನ್‌ಗಳಲ್ಲಿರುವ ಡಿ-ಬಫರ್ ನಡುದಾರಿ ಹಿಡಿದಿದೆ. ಆಳವನ್ನು ಮೊದಲೇ ಬರೆದು, ಡೀಕಲ್‌ಗಳನ್ನು ಪ್ರತ್ಯೇಕ ಬಫರ್‌ನಲ್ಲಿ ಕೂಡಿಟ್ಟು, ವಸ್ತುಗಳನ್ನು ಚಿತ್ರಿಸುವಾಗ ಬೆರೆಸಲಾಗುತ್ತದೆ.

ಯಾವ ವಿಧಾನವೂ ತಾನಾಗಿಯೇ ಬಗೆಹರಿಸದ ಒಂದು ಸಂದರ್ಭ ಉಳಿದಿದೆ: ಎರಡು ಗೋಡೆಗಳು ಕೂಡುವ ಒಳಮೂಲೆ. ಅಲ್ಲಿ ರಕ್ತ ಎರಡೂ ಗೋಡೆಗೆ ಸಿಡಿಯಬೇಕು, ಆದರೆ ಒಂದು ಗೋಡೆಗೆ ನೇರವಾಗಿ ನಿಲ್ಲಿಸಿದ ಪೆಟ್ಟಿಗೆ ಕೋನದ ಪರೀಕ್ಷೆಯಿಂದಾಗಿ ಇನ್ನೊಂದನ್ನು ಖಾಲಿ ಬಿಡುತ್ತದೆ. ಪೆಟ್ಟಿಗೆಯನ್ನು 45 ಡಿಗ್ರಿ ತಿರುಗಿಸಿ ಇಟ್ಟರೆ ಎರಡೂ ಗೋಡೆಗಳಲ್ಲಿ 1.41 ಪಟ್ಟು ಎಳೆತ ಮಾತ್ರ ಉಳಿಯುತ್ತದೆ, ಕಣ್ಣಿಗೆ ಅದು ಅಷ್ಟಾಗಿ ಬೀಳುವುದಿಲ್ಲ. ಒಂದೇ ದಿಕ್ಕಿನಿಂದ ಪ್ರಕ್ಷೇಪಿಸುವವರೆಗೆ ಎಳೆತವನ್ನು ಪೂರ್ತಿ ಇಲ್ಲವಾಗಿಸಲಾಗದು. ಅದನ್ನು ಎಷ್ಟರವರೆಗೆ ಸಹಿಸಿ, ಎಲ್ಲಿ ಗುರುತನ್ನು ನಿಲ್ಲಿಸಬೇಕೆಂಬ ಮಿತಿಯನ್ನು ಇಂದಿಗೂ ಆಟ ತಯಾರಿಸುವವರೇ ನಿಗದಿಪಡಿಸುತ್ತಾರೆ.