ಮಳೆ ಕಡಿಮೆಯಾದರೆ ತೊಗರಿ ದರ ಏರಲೇಬೇಕೇ?

'ಈ ವರ್ಷ ಮಳೆ ಕೈಕೊಟ್ಟಿದೆ, ತೊಗರಿ ಮಾರಬೇಡಿ, ದರ ದುಪ್ಪಟ್ಟಾಗುತ್ತೆ' ಎನ್ನುವಂಥ ಸಂದೇಶಗಳು ಅಫಜಲಪುರ, ಆಳಂದ, ಜೇವರ್ಗಿ ಕಡೆಯ ವಾಟ್ಸಾಪ್ ಗುಂಪುಗಳಿಗೆ ಹೊಸದಲ್ಲ. ಅದರಲ್ಲಿ ಅರ್ಧ ಸತ್ಯ ಇದೆ. ಆ ಅರ್ಧ ಎಷ್ಟು ಎಂದು ಅಳೆಯುವ ವಿಧಾನವನ್ನು ನಾವಿಲ್ಲಿ ನೋಡೋಣ.

ತೊಗರಿ ಜೂನ್-ಜುಲೈನಲ್ಲಿ ಬಿತ್ತನೆಯಾಗಿ ಡಿಸೆಂಬರ್-ಜನವರಿಯಲ್ಲಿ ರಾಶಿಯಾಗುತ್ತದೆ. ಆವಕ ಹೆಚ್ಚಿದಾಗ ದರ ಸಾಮಾನ್ಯವಾಗಿ ಇಳಿಯುತ್ತದೆ. ಇದು ಋತುಮಾನದ ಏರಿಳಿತ. ಸರಿಮ್ಯಾಕ್ಸ್ ಎಂಬ ಲೆಕ್ಕದ ಮಾದರಿ ಹಳೆಯ ದರಗಳಿಂದ ಈ ಏರಿಳಿತವನ್ನು ಕಲಿತು, ಮಳೆಯನ್ನು ಹೊರಗಿನ ಅಂಶವಾಗಿ ಸೇರಿಸಿಕೊಳ್ಳುತ್ತದೆ. ಚೌಡಾಪುರದಂಥ ಸಣ್ಣ ಊರಿನಲ್ಲಿ ದಿನವೂ ವ್ಯಾಪಾರ ನಡೆಯುವುದಿಲ್ಲ. ಹಾಗಾಗಿ ಕಲಬುರಗಿ ಎಪಿಎಂಸಿಯ ತಿಂಗಳ ಸರಾಸರಿ ದರ ಹಿಡಿಯುವುದೇ ಮೇಲು.

ಒಂದು ಉದಾಹರಣೆ ನೋಡಿ (ಅಂಕಿಗಳು ತಿಳಿಯಲೆಂದು ಹಾಕಿದವು). ನವೆಂಬರ್‌ನಲ್ಲಿ ಕ್ವಿಂಟಲ್‌ಗೆ 8,000 ರೂಪಾಯಿ ಇದೆ. ಜನವರಿ ಹೊತ್ತಿಗೆ ವಾಡಿಕೆಯಂತೆ ಶೇ. 10 ಇಳಿದರೆ 7,200. ಜುಲೈ-ಸೆಪ್ಟೆಂಬರ್ ಮಳೆ ಶೇ. 20 ಕೊರತೆ, ಪ್ರತಿ ಶೇ. 10 ಕೊರತೆಗೆ ದರ ಶೇ. 3 ಏರುತ್ತದೆ ಎಂದಾದರೆ ಸುಮಾರು 7,630. ಅಂದರೆ ಬರ ಬಿದ್ದರೂ ದರ ನವೆಂಬರ್‌ಗಿಂತ ಕೆಳಗೇ! ಇಲ್ಲಿ ಬಳಸಿದ್ದು ಆಗಲೇ ಸುರಿದು ಮುಗಿದ ಮಳೆ. ಮುಂದಿನ ಮಳೆಯನ್ನು ಹಾಕಿದರೆ ಮೊದಲು ಅದನ್ನೇ ಊಹಿಸಬೇಕಾಗುತ್ತದೆ.

ದೊಡ್ಡ ತೊಡಕು ಬೇರೆಯೇ ಇದೆ. ಹತ್ತು ವರ್ಷದ ಮಾಹಿತಿ ಎಂದರೆ 120 ತಿಂಗಳ ದರ, ಕೇಳಲು ಬಹಳ ಅನಿಸುತ್ತದೆ. ಆದರೆ ಮುಂಗಾರು ಮಾತ್ರ ಹತ್ತೇ. ಅದರಲ್ಲಿ ಒಂದೆರಡು ಬರಗಾಲ ಇರಬಹುದು. ಆ ಎರಡೇ ವರ್ಷಗಳಿಂದ 'ಶೇ. 3' ಎಂಬ ಅಂಕಿ ಹುಟ್ಟಿದ್ದರೆ ಅದನ್ನು ಎಷ್ಟು ನಂಬುವುದು? ಜೊತೆಗೆ ಅತಿವೃಷ್ಟಿಯೂ ತೊಗರಿಗೆ ಪೆಟ್ಟೇ. ಹೊಲದಲ್ಲಿ ನೀರು ನಿಂತರೆ ಬೇರು ಕೊಳೆಯುತ್ತದೆ. ಆದ್ದರಿಂದ ಕೊರತೆ ಮತ್ತು ಹೆಚ್ಚಳವನ್ನು ಎರಡು ಅಂಶಗಳಾಗಿ ಹಾಕಬೇಕು, ಆಗ ಪ್ರತಿಯೊಂದಕ್ಕೂ ಸಿಗುವ ವರ್ಷಗಳು ಇನ್ನೂ ಕಡಿಮೆ.

ಪರೀಕ್ಷೆ ಸರಳ. ಕೊನೆಯ ಎರಡು-ಮೂರು ವರ್ಷಗಳನ್ನು ಮಾದರಿಗೆ ತೋರಿಸದೆ ಬಚ್ಚಿಟ್ಟು, ಆ ದರಗಳನ್ನು ಊಹಿಸಲು ಹೇಳಿ. 'ಕಳೆದ ಜನವರಿಯ ದರವೇ ಈ ಜನವರಿಗೂ' ಎಂಬ ಸಾದಾ ಊಹೆಗಿಂತ ತಪ್ಪು ಕಡಿಮೆಯಾಗದಿದ್ದರೆ ಆ ಮಾದರಿ ಬೇಡ. ಮಳೆ ಸೇರಿಸಿದ ಮೇಲೂ ತಪ್ಪು ತಗ್ಗದಿದ್ದರೆ ಮಳೆಯನ್ನು ಕೈಬಿಡಿ.

ಮಳೆಗೆ ಕಾಣದ ಸಂಗತಿಗಳೂ ಇವೆ. 2015ರ ಬರದಲ್ಲಿ ತೊಗರಿ ಬೇಳೆ ಕಿಲೋಗೆ 200 ರೂಪಾಯಿ ಮುಟ್ಟಿತು. ಆ ದರ ಕಂಡ ರೈತರು 2016ರಲ್ಲಿ ಹೆಚ್ಚು ಬಿತ್ತಿದರು, ಮಳೆಯೂ ಬಂತು, 2017ರ ಆರಂಭದಲ್ಲಿ ದರ 5,050 ರೂಪಾಯಿಯ ಬೆಂಬಲ ಬೆಲೆಗಿಂತ ಕೆಳಗಿಳಿಯಿತು. ಬಿತ್ತನೆ ಪ್ರದೇಶ ಹಿಗ್ಗಿದ್ದು ಮಳೆಮಾಪಕದಲ್ಲಿ ದಾಖಲಾಗುವುದಿಲ್ಲ. ಮ್ಯಾನ್ಮಾರ್, ಮೊಜಾಂಬಿಕ್‌ನಿಂದ ಬರುವ ಆಮದೂ ಅಷ್ಟೇ. ಇನ್ನು ಮಹಾರಾಷ್ಟ್ರದಲ್ಲಿ ಒಳ್ಳೆ ಬೆಳೆ ಬಂದರೆ ನಮ್ಮ ತಾಲ್ಲೂಕಿನ ಬರಕ್ಕೆ ಮಾರುಕಟ್ಟೆ ಅಷ್ಟಾಗಿ ಜಗ್ಗುವುದಿಲ್ಲ.

ಹಾಗಾಗಿ ಯಾರಾದರೂ ಒಂದೇ ಅಂಕಿ ಹೇಳಿದರೆ, ಎಲ್ಲಿಂದ ಎಲ್ಲಿಯವರೆಗೆ ಎಂದು ಕೇಳಿ. ಮೇಲಿನ ಉದಾಹರಣೆಯಲ್ಲಿ ಹಿಂದಿನ ತಪ್ಪು ಸರಾಸರಿ 900 ರೂಪಾಯಿ ಇದ್ದರೆ, ಪ್ರಾಮಾಣಿಕ ಉತ್ತರ ಹೆಚ್ಚುಕಡಿಮೆ 6,700ರಿಂದ 8,500. ಅದರಿಂದಾಚೆಗೂ ದರ ಹೋಗಬಹುದು.